ಎರಡು ಬಿಂದುವಿನ ಗಾಸ್, ಮೂರು ಬಿಂದುವಿನ ಸಿಂಪ್ಸನ್: ಒಂದೇ ಅನುಕಲದ ಮೇಲೆ ಎರಡನ್ನೂ ಅಳೆದು ನೋಡುವ ಬಗೆ

ಸಂಖ್ಯಾತ್ಮಕ ಅನುಕಲನದ ಪಾಠ ನಮ್ಮ ಎಂಜಿನಿಯರಿಂಗ್ ತರಗತಿಗಳಲ್ಲಿ ಸಾಮಾನ್ಯವಾಗಿ ಸಿಂಪ್ಸನ್‌ನ 1/3 ನಿಯಮದ ಹತ್ತಿರ ನಿಂತುಬಿಡುತ್ತದೆ. ಗಾಸ್ ಸೂತ್ರ ಬಂದರೂ ಎಲ್ಲಿಂದಲೋ ಉದುರಿದ 0.5773503 ಎಂಬ ಸಂಖ್ಯೆಯಾಗಿ ಬಂದು ಹೋಗುತ್ತದೆ. ಎರಡನ್ನೂ ಒಂದೇ ಲೆಕ್ಕದ ಮೇಲೆ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಆ ಸಂಖ್ಯೆ ಏಕೆ ಬಂತು, ಅದರಿಂದ ಏನು ಲಾಭ, ಲಾಭ ಎಲ್ಲಿಗೆ ಮುಗಿಯುತ್ತದೆ ಎಂಬುದು ಕಾಗದದ ಮೇಲೆಯೇ ತಿಳಿಯುತ್ತದೆ. ಕ್ಯಾಲ್ಕುಲೇಟರ್ ಬೇಕಾಗುವುದು ಕೊನೆಯ ಭಾಗಾಕಾರಕ್ಕೆ ಮಾತ್ರ.

ನಾವು ತೆಗೆದುಕೊಳ್ಳುವ ಲೆಕ್ಕ ಇದು: 1/x ಎಂಬ ಫಲನದ ಅನುಕಲ, x = 1ರಿಂದ x = 2ರವರೆಗೆ. ಉತ್ತರ ln 2, ಅಂದರೆ 0.69314718. ಇದನ್ನೇ ಆರಿಸಿದ್ದಕ್ಕೆ ಎರಡು ಕಾರಣಗಳಿವೆ. 1/x ಬಹುಪದೋಕ್ತಿಯಲ್ಲ, ಹಾಗಾಗಿ ಯಾವ ಸೂತ್ರವೂ ಇದನ್ನು ಪೂರ್ತಿ ಸರಿಯಾಗಿ ಹೇಳಲಾರದು. ದೋಷ ಕಣ್ಣಿಗೆ ಬೀಳುತ್ತದೆ. ಇನ್ನೊಂದು, ಗಾಸ್ ಬಿಂದುಗಳಲ್ಲಿ ವರ್ಗಮೂಲಗಳಿದ್ದರೂ ಈ ಫಲನದ ಮಟ್ಟಿಗೆ ಅವು ಕೂಡಿಸುವಾಗ ಕರಗಿಹೋಗಿ ಉತ್ತರ ಸರಳ ಭಿನ್ನರಾಶಿಯಾಗಿ ಸಿಗುತ್ತದೆ.

ಮೊದಲ ಹೆಜ್ಜೆ: ಪರವಲಯದ ನಿಯಮ

ಎರಡು ತುದಿ ಮತ್ತು ನಡುಬಿಂದು, ಈ ಮೂರು ಕಡೆ ಫಲನದ ಬೆಲೆ ತೆಗೆದು, ಆ ಮೂರು ಬಿಂದುಗಳ ಮೂಲಕ ಒಂದು ಪರವಲಯ ಎಳೆದು, ಅದರ ಕೆಳಗಿನ ವಿಸ್ತೀರ್ಣವನ್ನೇ ಉತ್ತರವೆಂದು ಒಪ್ಪಿಕೊಳ್ಳುವುದು ಸಿಂಪ್ಸನ್ ನಿಯಮ. ಥಾಮಸ್ ಸಿಂಪ್ಸನ್ ಇದನ್ನು ಪ್ರಕಟಿಸಿದ್ದು 1743ರಲ್ಲಿ. ಆದರೆ ದ್ರಾಕ್ಷಾರಸದ ಪೀಪಾಯಿಗಳ ಗಾತ್ರ ಲೆಕ್ಕಹಾಕಲು ಕೆಪ್ಲರ್ 1615ರಲ್ಲೇ ಇದೇ ಲೆಕ್ಕವನ್ನು ಬಳಸಿದ್ದ. ಜರ್ಮನಿಯಲ್ಲಿ ಇಂದಿಗೂ ಇದಕ್ಕೆ ಕೆಪ್ಲರನ ಪೀಪಾಯಿ ನಿಯಮ ಎಂದೇ ಹೆಸರು.

ಅಂತರಾಳದ ಉದ್ದವನ್ನು 6ರಿಂದ ಭಾಗಿಸಿ, ತುದಿಗಳಿಗೆ 1, ನಡುವಿಗೆ 4 ಎಂಬ ತೂಕ ಕೊಟ್ಟು ಕೂಡಿಸಬೇಕು. ಇಲ್ಲಿ ಉದ್ದ 1, ಬಿಂದುಗಳು 1, 1.5, 2.

```
S = (1/6) * (1 + 4/1.5 + 1/2) = 25/36 = 0.69444444
```

ನಿಜವಾದ ಉತ್ತರಕ್ಕಿಂತ ಇದು 0.001297 ಹೆಚ್ಚು. ಮೂರು ಬೆಲೆಗಳಿಂದ ಇಷ್ಟು ಹತ್ತಿರ ಬಂದದ್ದು ಸಣ್ಣದೇನಲ್ಲ. ಈ ದೋಷವನ್ನು ಹಾಗೆಯೇ ಬರೆದಿಟ್ಟುಕೊಳ್ಳಿ.

ಎರಡನೆಯ ಹೆಜ್ಜೆ: ನಿಖರತೆಯ ಘಾತವನ್ನು ಕಂಡುಹಿಡಿಯುವುದು

ಒಂದು ಸೂತ್ರ ಎಷ್ಟನೆಯ ಘಾತದವರೆಗಿನ ಎಲ್ಲ ಬಹುಪದೋಕ್ತಿಗಳನ್ನೂ ಎಳ್ಳಷ್ಟೂ ದೋಷವಿಲ್ಲದೆ ಅನುಕಲಿಸುತ್ತದೆಯೋ ಅದೇ ಆ ಸೂತ್ರದ ನಿಖರತೆಯ ಘಾತ. ಇದನ್ನು ಪರೀಕ್ಷಿಸಲು ಎಲ್ಲ ಬಹುಪದೋಕ್ತಿಗಳನ್ನೂ ಹುಡುಕಿಕೊಂಡು ಹೋಗಬೇಕಿಲ್ಲ. 1, t, t², t³ ಎಂದು ಒಂದೊಂದನ್ನೇ ಹಾಕಿ, ಮೊದಲ ಬಾರಿ ಎಲ್ಲಿ ತಪ್ಪುತ್ತದೆ ಎಂದು ನೋಡಿದರೆ ಸಾಕು. ಉಳಿದವೆಲ್ಲ ಇವುಗಳ ಮೊತ್ತಗಳೇ. ಲೆಕ್ಕ ಹಗುರಾಗಲು −1ರಿಂದ 1ರವರೆಗಿನ ಅಂತರಾಳವನ್ನು ತೆಗೆದುಕೊಳ್ಳೋಣ. ಅಲ್ಲಿ ಸಿಂಪ್ಸನ್ ಸೂತ್ರ ಹೀಗಿರುತ್ತದೆ:

```
S = (1/3) * ( f(-1) + 4 f(0) + f(1) )
```

f = 1 ಹಾಕಿದರೆ 2 ಬರುತ್ತದೆ, ಸರಿ. t ಹಾಕಿದರೆ ಸೊನ್ನೆ, ಸರಿ. t² ಹಾಕಿದರೆ 2/3, ಅದೂ ಸರಿ. ಪರವಲಯ ಹೊಂದಿಸಿದ ಮೇಲೆ ಇಲ್ಲಿಯವರೆಗೆ ಸರಿಹೋಗಲೇಬೇಕು. t³ ಹಾಕಿದಾಗ −1 ಮತ್ತು 1ರ ಬೆಲೆಗಳು ಒಂದನ್ನೊಂದು ಹೊಡೆದುಹಾಕಿ ಸೊನ್ನೆ ಉಳಿಯುತ್ತದೆ. ನಿಜವಾದ ಅನುಕಲವೂ ಸೊನ್ನೆಯೇ. ಹೀಗೆ ಪರವಲಯದ ನಿಯಮಕ್ಕೆ ಮೂರನೆಯ ಘಾತ ಪುಕ್ಕಟೆಯಾಗಿ ಸಿಕ್ಕಿಬಿಟ್ಟಿತು. ಇದು ಸಮ್ಮಿತಿಯ ಕೊಡುಗೆ: ಅದೇ ಮೂರು ಬಿಂದುಗಳ ಮೂಲಕ ಹಾದುಹೋಗುವ ಯಾವುದೇ ಘನ ಬಹುಪದೋಕ್ತಿ ಎಡಭಾಗದಲ್ಲಿ ಪರವಲಯಕ್ಕಿಂತ ಎಷ್ಟು ಮೇಲಿದೆಯೋ ಬಲಭಾಗದಲ್ಲಿ ಅಷ್ಟೇ ಕೆಳಗಿರುತ್ತದೆ.

t⁴ ಬಂದಾಗ ಕಥೆ ಮುಗಿಯುತ್ತದೆ. ಸೂತ್ರ 2/3 ಎನ್ನುತ್ತದೆ, ನಿಜವಾದದ್ದು 2/5. ಆದ್ದರಿಂದ ಸಿಂಪ್ಸನ್‌ನ ನಿಖರತೆಯ ಘಾತ 3. ಬಹಳಷ್ಟು ಮಂದಿ ಪರೀಕ್ಷೆಯನ್ನು ಇಲ್ಲಿಗೇ ನಿಲ್ಲಿಸಿ, ತಪ್ಪಿತು ಎಂದಷ್ಟೇ ಬರೆದುಕೊಳ್ಳುತ್ತಾರೆ. ಎಷ್ಟು ತಪ್ಪಿತು ಎಂಬುದನ್ನೂ ಬರೆದುಕೊಳ್ಳಬೇಕು: 2/3ರಿಂದ 2/5 ಕಳೆದರೆ 4/15 ಹೆಚ್ಚು. ಈ ಸಂಖ್ಯೆ ಮುಂದೆ ದುಡಿಯುತ್ತದೆ.

ಮೂರನೆಯ ಹೆಜ್ಜೆ: ಬಿಂದುಗಳ ಜಾಗವನ್ನೂ ನಾವೇ ಆರಿಸಿದರೆ

ಸಿಂಪ್ಸನ್ ನಿಯಮದಲ್ಲಿ ಬಿಂದುಗಳ ಜಾಗ ಮೊದಲೇ ನಿಗದಿ. ನಮ್ಮ ಕೈಯಲ್ಲಿರುವುದು ತೂಕಗಳು ಮಾತ್ರ. ಜಾಗವನ್ನೂ ಬಿಟ್ಟುಕೊಟ್ಟರೆ ಪ್ರತಿ ಬಿಂದುವಿಗೂ ಎರಡೆರಡು ಅಜ್ಞಾತಗಳು ಸಿಗುತ್ತವೆ, ಅಷ್ಟೇ ಸಮೀಕರಣಗಳನ್ನು ಪೂರೈಸಬಹುದು. 1814ರಲ್ಲಿ ಗಾಸ್ ಮಾಡಿದ್ದು ಇದನ್ನೇ.

ಎರಡೇ ಬಿಂದುಗಳನ್ನು ತೆಗೆದುಕೊಳ್ಳೋಣ. ಸಮ್ಮಿತಿಗಾಗಿ ಅವನ್ನು −d ಮತ್ತು d ಎಂದೂ ಎರಡಕ್ಕೂ ಒಂದೇ ತೂಕ w ಎಂದೂ ಇಡೋಣ. t ಮತ್ತು t³ ತಾವಾಗಿಯೇ ಸೊನ್ನೆಯಾಗುತ್ತವೆ, ಅವುಗಳ ಚಿಂತೆಯಿಲ್ಲ. 1 ಸರಿಹೋಗಬೇಕಾದರೆ 2w = 2, ಅಂದರೆ w = 1. t² ಸರಿಹೋಗಬೇಕಾದರೆ 2d² = 2/3, ಅಂದರೆ d = 1/√3. ಎಲ್ಲಿಂದಲೋ ಉದುರಿದಂತಿದ್ದ 0.5773503 ಇದೇ. ಬೇರೆ ಯಾವ ಜಾಗದಲ್ಲಿ ಇಟ್ಟರೂ t² ತಪ್ಪುತ್ತದೆ.

t⁴ ಹಾಕಿದರೆ 1/9 ಎರಡು ಸಲ, 2/9. ನಿಜವಾದ 2/5ಕ್ಕಿಂತ ಇದು 8/45 ಕಡಿಮೆ. ಹಾಗಾಗಿ ಇದರ ನಿಖರತೆಯ ಘಾತವೂ 3. ಮೂರು ಬಿಂದುಗಳಿಂದ ಸಿಂಪ್ಸನ್ ಗಳಿಸಿದ್ದನ್ನು ಗಾಸ್ ಎರಡು ಬಿಂದುಗಳಲ್ಲಿ ಗಳಿಸಿದ.

ನಾಲ್ಕನೆಯ ಹೆಜ್ಜೆ: ನಮ್ಮ ಅಂತರಾಳಕ್ಕೆ ತರುವುದು

ಸೂತ್ರ ಸಿದ್ಧವಾಗಿರುವುದು −1ರಿಂದ 1ಕ್ಕೆ, ಲೆಕ್ಕ ಇರುವುದು 1ರಿಂದ 2ಕ್ಕೆ. x = 1.5 + 0.5t ಎಂದು ಬದಲಿಸಬೇಕು. ಬಿಂದುಗಳನ್ನು ಹೀಗೆ ಸರಿಸಿದ ಮೇಲೆ ಕೊನೆಯ ಮೊತ್ತವನ್ನು ಅರ್ಧ ಉದ್ದದಿಂದ, ಇಲ್ಲಿ 0.5ರಿಂದ, ಗುಣಿಸುವುದನ್ನು ಮರೆಯಬಾರದು. ಮರೆತರೆ ಇಲ್ಲಿ ಉತ್ತರ ಸರಿಯಾಗಿ ಇಮ್ಮಡಿ ಬರುತ್ತದೆ. ಬೇರೆ ಅಂತರಾಳದಲ್ಲಿ ಬೇರೆ ಗುಣಕದಷ್ಟು ತಪ್ಪುತ್ತದೆ. f = 1 ಹಾಕಿ ಅಂತರಾಳದ ಉದ್ದ ಬರುತ್ತದೆಯೇ ಎಂದು ನೋಡುವುದು ಈ ತಪ್ಪನ್ನು ಹಿಡಿಯುವ ಅತಿ ಸುಲಭದ ದಾರಿ.

ಬಿಂದುಗಳು 1.5 ± 0.288675. ಎರಡರ ವ್ಯುತ್ಕ್ರಮಗಳನ್ನು ಕೂಡಿಸಿದರೆ ಅಂಶದಲ್ಲಿ 3, ಛೇದದಲ್ಲಿ 2.25 − 1/12 ಉಳಿಯುತ್ತದೆ, ವರ್ಗಮೂಲ ಮಾಯವಾಗುತ್ತದೆ.

```
G2 = 0.5 * 3 / (2.25 - 1/12) = 9/13 = 0.69230769
```

ನಿಜವಾದ ಉತ್ತರಕ್ಕಿಂತ 0.000839 ಕಡಿಮೆ. ಎರಡು ಬೆಲೆಗಳಿಂದ ತೆಗೆದ ಉತ್ತರ ಮೂರು ಬೆಲೆಗಳಿಂದ ತೆಗೆದದ್ದಕ್ಕಿಂತ ಹತ್ತಿರ ಬಂದಿದೆ, ಅದೂ ಇನ್ನೊಂದು ದಿಕ್ಕಿನಿಂದ.

ಘಾತ ಒಂದೇ, ದೋಷ ಏಕೆ ಬೇರೆ?

ಎರಡರ ನಿಖರತೆಯ ಘಾತವೂ 3 ಎಂದ ಮೇಲೆ ಎರಡೂ ಸಮ ಎಂದುಕೊಳ್ಳುವುದು ಸಹಜ. ಘಾತ ಹೇಳುವುದು ಸೂತ್ರ ಎಲ್ಲಿಯವರೆಗೆ ತಪ್ಪುವುದಿಲ್ಲ ಎಂಬುದನ್ನಷ್ಟೇ. ತಪ್ಪಲು ಶುರುವಾದ ಮೇಲೆ ಎಷ್ಟು, ಯಾವ ದಿಕ್ಕಿಗೆ ಎಂಬುದನ್ನು ನಾವು ಬರೆದಿಟ್ಟುಕೊಂಡ ಆ ಎರಡು ಸಂಖ್ಯೆಗಳು ಹೇಳುತ್ತವೆ. t⁴ ಮೇಲೆ ಸಿಂಪ್ಸನ್ 4/15 ಹೆಚ್ಚು ಹೇಳಿತು, ಗಾಸ್ 8/45 ಕಡಿಮೆ ಹೇಳಿತು. ಅನುಪಾತ 3ಕ್ಕೆ 2, ಚಿಹ್ನೆ ವಿರುದ್ಧ. ನಮ್ಮ ಲೆಕ್ಕದ ದೋಷಗಳು 0.001297 ಮತ್ತು 0.000839, ಹೆಚ್ಚುಕಡಿಮೆ ಅದೇ ಅನುಪಾತ.

ಪುಸ್ತಕಗಳಲ್ಲಿ ಬಾಯಿಪಾಠ ಮಾಡಿಸುವ ದೋಷಸೂತ್ರಗಳು ಹುಟ್ಟುವುದೂ ಇಲ್ಲಿಂದಲೇ. 4/15 ಅನ್ನು 4! ಅಂದರೆ 24ರಿಂದ ಭಾಗಿಸಿದರೆ 1/90. ಉದ್ದ 2ರ ಅಂತರಾಳದಿಂದ ಉದ್ದ 1ಕ್ಕೆ ಬಂದಾಗ ಎರಡರ ಐದನೆಯ ಘಾತದಿಂದ, 32ರಿಂದ, ಭಾಗಿಸಬೇಕು, 1/2880 ಸಿಗುತ್ತದೆ. ಗಾಸ್‌ಗೆ ಹಾಗೆಯೇ ಮಾಡಿದರೆ 1/4320. ಇವನ್ನು ಅಂತರಾಳದ ಯಾವುದೋ ಒಂದು ಬಿಂದುವಿನಲ್ಲಿನ ನಾಲ್ಕನೆಯ ಡೆರಿವೇಟಿವ್‌ನಿಂದ ಗುಣಿಸಿದರೆ ದೋಷ ಸಿಗುತ್ತದೆ. 1/x ಫಲನದ ನಾಲ್ಕನೆಯ ಡೆರಿವೇಟಿವ್ 24/x⁵, ಅಂತರಾಳದುದ್ದಕ್ಕೂ ಧನ. ಆದ್ದರಿಂದ ಸಿಂಪ್ಸನ್ ಇಲ್ಲಿ ಮೇಲಿಂದಲೇ, ಗಾಸ್ ಕೆಳಗಿನಿಂದಲೇ ಬರಬೇಕು. 9/13ಕ್ಕೂ 25/36ಕ್ಕೂ ನಡುವೆ ln 2 ಇದೆ ಎಂಬುದು ಅಂದಾಜಿನ ಮಾತಲ್ಲ, ಸಾಬೀತಾದ ಮಾತು.

ಇದೇ ಅನುಪಾತದಿಂದ ಇನ್ನೊಂದು ಲಾಭ ತೆಗೆಯಬಹುದು. ಒಂದು 3 ಪಾಲು ಮೇಲೆ, ಇನ್ನೊಂದು 2 ಪಾಲು ಕೆಳಗೆ ಇದ್ದರೆ ಸಿಂಪ್ಸನ್‌ನ ಎರಡು ಪಾಲು ಮತ್ತು ಗಾಸ್‌ನ ಮೂರು ಪಾಲು ಬೆರೆಸಿದಾಗ t⁴ರ ದೋಷ ಪೂರ್ತಿ ಅಳಿಯುತ್ತದೆ:

```
(2*S + 3*G2) / 5 = 0.69316239
```

ದೋಷ 0.0000152ಕ್ಕೆ ಇಳಿಯಿತು. ಬೆರೆಸಿದ ಸೂತ್ರದ ನಿಖರತೆಯ ಘಾತ 5. ಆದರೆ ಇದಕ್ಕೆ ಐದು ಬಿಂದುಗಳು ಖರ್ಚಾದವು. ಐದನೆಯ ಘಾತ ಮೂರೇ ಬಿಂದುಗಳಲ್ಲಿ ಸಿಗುವಾಗ ಇದು ದುಬಾರಿಯೇ ಸರಿ.

ಐದನೆಯ ಹೆಜ್ಜೆ: ಮೂರು ಬಿಂದುಗಳ ಗಾಸ್

ಬಿಂದುಗಳ ಸಂಖ್ಯೆಯನ್ನು ಸಮ ಮಾಡಿ ಹೋಲಿಸಿದರೆ ಅಂತರ ಬಯಲಾಗುತ್ತದೆ. ಮೂರು ಬಿಂದುಗಳ ಗಾಸ್ ಸೂತ್ರದಲ್ಲಿ ಬಿಂದುಗಳು 0 ಮತ್ತು ±√0.6, ಅಂದರೆ ±0.7745967. ತೂಕಗಳು ನಡುವಿಗೆ 8/9, ಬದಿಗಳಿಗೆ 5/9. ಪರೀಕ್ಷೆ ಮಾಡಿ ನೋಡಿ: t² ಮೇಲೆ (10/9) × 0.6 = 2/3, ಸರಿ. t⁴ ಮೇಲೆ (10/9) × 0.36 = 2/5, ಇದೂ ಸರಿ. t⁶ ಮೇಲೆ 0.24, ನಿಜವಾದದ್ದು 2/7; ಇಲ್ಲಿ ತಪ್ಪಿತು. ಬೆಸ ಘಾತಗಳು ಸಮ್ಮಿತಿಯಿಂದ ಸೊನ್ನೆ. ನಿಖರತೆಯ ಘಾತ 5.

ಈ ಬಿಂದುಗಳು 5t³ − 3t ಎಂಬ ಬಹುಪದೋಕ್ತಿಯ ಶೂನ್ಯತೆಗಳು. ಲೆಜಾಂಡ್ರ್ ಬಹುಪದೋಕ್ತಿ ಎಂದು ಹೆಸರಾದ ಇದಕ್ಕೆ ಒಂದು ಗುಣವಿದೆ: ಎರಡನೆಯ ಘಾತ ಮೀರದ ಯಾವುದೇ ಬಹುಪದೋಕ್ತಿಯಿಂದ ಗುಣಿಸಿದರೂ −1ರಿಂದ 1ರವರೆಗಿನ ಅನುಕಲ ಸೊನ್ನೆ. ಈಗ ಐದನೆಯ ಘಾತದ ಯಾವುದೇ ಬಹುಪದೋಕ್ತಿಯನ್ನು ಇದರಿಂದ ಭಾಗಿಸಿ. ಭಾಗಲಬ್ಧ ಎರಡನೆಯ ಘಾತ ಮೀರುವುದಿಲ್ಲ, ಹಾಗಾಗಿ ಆ ಭಾಗದ ಅನುಕಲ ಸೊನ್ನೆ. ನಮ್ಮ ಮೂರು ಬಿಂದುಗಳಲ್ಲೂ ಆ ಭಾಗದ ಬೆಲೆ ಸೊನ್ನೆ, ಸೂತ್ರಕ್ಕೆ ಅದು ಕಾಣುವುದೇ ಇಲ್ಲ. ಉಳಿಯುವುದು ಶೇಷ, ಅದು ಹೆಚ್ಚೆಂದರೆ ಎರಡನೆಯ ಘಾತದ್ದು, ಅದನ್ನು ತೂಕಗಳು ಸರಿಯಾಗಿ ನಿಭಾಯಿಸುತ್ತವೆ. ಸಾಧನೆ ಇಷ್ಟೇ. n ಬಿಂದುಗಳಿಗೂ ಇದೇ ವಾದ ಸಾಗಿ 2n − 1 ಎಂಬ ಘಾತ ದೊರೆಯುತ್ತದೆ. ಅದಕ್ಕಿಂತ ಮೇಲೆ ಹೋಗಲು ಯಾವ ಸೂತ್ರಕ್ಕೂ ಆಗದು: ಮೂರೂ ಬಿಂದುಗಳಲ್ಲಿ ಸೊನ್ನೆಯಾಗುವ ಘನ ಬಹುಪದೋಕ್ತಿಯನ್ನು ವರ್ಗ ಮಾಡಿದರೆ ಆರನೆಯ ಘಾತದ ಬಹುಪದೋಕ್ತಿ ಸಿಗುತ್ತದೆ, ಅದರ ವಿಸ್ತೀರ್ಣ ಧನ, ಸೂತ್ರ ಮಾತ್ರ ಸೊನ್ನೆ ಎನ್ನುತ್ತದೆ.

ನಮ್ಮ ಅನುಕಲಕ್ಕೆ ಹಾಕೋಣ. ಬದಿಯ ಬಿಂದುಗಳು 1.5 ± 0.387298.

```
G3 = (1/18) * ( 8/1.5 + 15/(2.25 - 0.15) ) = 131/189 = 0.69312169
```

ದೋಷ 0.0000255, ಅದೇ ಮೂರು ಬೆಲೆಗಳಿಂದ ಸಿಂಪ್ಸನ್ ಮಾಡಿದ ದೋಷದ ಐವತ್ತನೆಯ ಒಂದು ಪಾಲು. ಆರನೆಯ ಡೆರಿವೇಟಿವ್ ಕೂಡ ಧನವಾದ್ದರಿಂದ ಉತ್ತರ ಈ ಬಾರಿಯೂ ಕೆಳಗಿನಿಂದಲೇ ಬಂದಿದೆ.

ಸಿಂಪ್ಸನ್ ಇದನ್ನು ಮುಟ್ಟಲು ಎಷ್ಟು ಬಿಂದು ಬೇಕು? ಅಂತರಾಳವನ್ನು ತುಂಡು ಮಾಡಿ ನೋಡಲು ಈ ಪೈಥಾನ್ ಸಾಲುಗಳು ಸಾಕು. n ಸಮಸಂಖ್ಯೆಯೇ ಆಗಿರಬೇಕು; ಬೆಸ ಕೊಟ್ಟರೆ ಪ್ರೋಗ್ರಾಂ ತಕರಾರು ಮಾಡದೆ ತಪ್ಪು ಉತ್ತರ ಕೊಡುತ್ತದೆ.

```python
from math import sqrt

def simpson(f, a, b, n):
    h = (b - a) / n
    s = f(a) + f(b)
    for i in range(1, n):
        s += (4 if i % 2 else 2) * f(a + i*h)
    return s * h / 3

def gauss3(f, a, b):
    m, r = (a + b) / 2, (b - a) / 2
    d = r * sqrt(0.6)
    return r * (5*f(m - d) + 8*f(m) + 5*f(m + d)) / 9
```

ಐದು ಬಿಂದುಗಳಲ್ಲಿ ಸಿಂಪ್ಸನ್‌ನ ದೋಷ 0.000107. ಏಳು ಬಿಂದುಗಳಲ್ಲಿ 0.0000226, ಇಲ್ಲಿಗೆ ಅದು ಮೂರು ಬಿಂದುಗಳ ಗಾಸ್‌ನ ಸಮಕ್ಕೆ ಬಂತು. ಒಂಬತ್ತರಲ್ಲಿ 0.0000074. ಗಾಸ್ ಅನ್ನೂ ತುಂಡು ಮಾಡಬಹುದು: 1ರಿಂದ 1.5, 1.5ರಿಂದ 2 ಎಂದು ಎರಡು ಸಲ ಹಾಕಿದರೆ ಆರು ಬಿಂದುಗಳಲ್ಲಿ ದೋಷ 0.0000007.

ಪ್ರೋಗ್ರಾಂ ಸರಿಯಿದೆಯೇ ಎಂದು ತಿಳಿಯಲು ಇಲ್ಲೊಂದು ಗುರುತಿದೆ. ತುಂಡುಗಳನ್ನು ಇಮ್ಮಡಿ ಮಾಡಿದಾಗಲೆಲ್ಲ ಸಿಂಪ್ಸನ್‌ನ ದೋಷ 16ರಲ್ಲಿ ಒಂದು ಪಾಲಿನತ್ತ ಸಾಗಬೇಕು, ಏಕೆಂದರೆ ನಿಖರತೆಯ ಘಾತಕ್ಕೆ ಒಂದು ಕೂಡಿಸಿದರೆ 4, ಎರಡರ ನಾಲ್ಕನೆಯ ಘಾತ 16. ನಮ್ಮ ಲೆಕ್ಕದಲ್ಲಿ ಮೂರರಿಂದ ಐದು ಬಿಂದುಗಳಿಗೆ ಹೋದಾಗ 12 ಪಟ್ಟು, ಐದರಿಂದ ಒಂಬತ್ತಕ್ಕೆ ಹೋದಾಗ 14.5 ಪಟ್ಟು ಇಳಿದಿದೆ, ದಾರಿ ಸರಿಯಿದೆ. ಇದು 4ರ ಹತ್ತಿರ ನಿಂತರೆ ಎಲ್ಲೋ ತೂಕ ತಪ್ಪಿದೆ ಎಂದು ಅನುಮಾನಿಸಬೇಕು.

ಹತ್ತಿರದ ಉತ್ತರವೂ ಮೋಸ ಮಾಡಬಹುದು

√0.6 ಅನ್ನು 0.775 ಎಂದು ದುಂಡಗೆ ಬರೆದುಕೊಂಡು G3 ಲೆಕ್ಕ ಹಾಕಿ. ಉತ್ತರ 0.69315122 ಬರುತ್ತದೆ, ದೋಷ 0.000004 ಮಾತ್ರ! ಸರಿಯಾದ ಬಿಂದುಗಳಿಗಿಂತ ತಪ್ಪು ಬಿಂದುಗಳೇ ಆರು ಪಟ್ಟು ಒಳ್ಳೆಯ ಉತ್ತರ ಕೊಟ್ಟಂತಾಯಿತು. ಒಂದೇ ಅನುಕಲವನ್ನು ನೋಡಿ ಸೂತ್ರಕ್ಕೆ ಅಂಕ ಕೊಡುವವರು ಇಲ್ಲಿ ಬೀಳುತ್ತಾರೆ.

ಎರಡು ಕಡೆ ಇದು ಸಿಕ್ಕಿಬೀಳುತ್ತದೆ. ಮೊದಲನೆಯದು ಚಿಹ್ನೆ: ಉತ್ತರ ln 2ಕ್ಕಿಂತ ಮೇಲಿದೆ. ಆರನೆಯ ಡೆರಿವೇಟಿವ್ ಧನವಿದ್ದಾಗ ನಿಜವಾದ ಗಾಸ್ ಸೂತ್ರ ಮೇಲಿಂದ ಬರಲು ಸಾಧ್ಯವೇ ಇಲ್ಲ. ಎರಡನೆಯದು ಘಾತದ ಪರೀಕ್ಷೆ: t² ಹಾಕಿದರೆ 0.666667 ಬರಬೇಕಾದಲ್ಲಿ 0.667361 ಬರುತ್ತದೆ. ಅಂದರೆ ನಿಖರತೆಯ ಘಾತ 5ರಿಂದ ಒಮ್ಮೆಲೇ 1ಕ್ಕೆ ಕುಸಿದಿದೆ. ದುಂಡಾಗಿಸಿದ್ದರಿಂದ ಬಂದ ದೋಷವೂ ಸೂತ್ರದ ಸ್ವಂತ ದೋಷವೂ ವಿರುದ್ಧ ದಿಕ್ಕಿನಲ್ಲಿದ್ದು ಆಕಸ್ಮಿಕವಾಗಿ ಒಂದನ್ನೊಂದು ತಿಂದುಹಾಕಿದವು, ಅಷ್ಟೇ. ಸಿಂಪ್ಸನ್ ಬಿಂದುಗಳಿಗೆ ಈ ಕಾಟವಿಲ್ಲ. ಗಾಸ್ ಬಿಂದುಗಳನ್ನು ಮಾತ್ರ ನಿಮಗೆ ಬೇಕಾದ ನಿಖರತೆಗಿಂತ ಎರಡು ಮೂರು ಅಂಕೆ ಹೆಚ್ಚೇ ಇಟ್ಟುಕೊಳ್ಳಬೇಕು.

ಗಾಸ್ ಕೈಕೊಡುವ ಕಡೆಗಳು

ಫಲನದ ಸೂತ್ರವೇ ಇಲ್ಲದೆ, ಹತ್ತು ಹತ್ತು ಮೀಟರಿಗೆ ಅಳೆದ ಹೊಳೆಯ ಆಳದಂತೆ ಪಟ್ಟಿ ಮಾತ್ರ ಕೈಯಲ್ಲಿದ್ದರೆ ಗಾಸ್ ಬಳಸಲು ಬಾರದು, 0.7745967ರಲ್ಲಿ ಯಾರೂ ಅಳೆದಿರುವುದಿಲ್ಲ. ಅಲ್ಲಿ ಸಿಂಪ್ಸನ್ ನಿಯಮವೇ ಗತಿ. ಹಾಗೆಯೇ ಸಿಂಪ್ಸನ್ ತುಂಡುಗಳನ್ನು ಇಮ್ಮಡಿ ಮಾಡಿದಾಗ ಹಳೆಯ ಬೆಲೆಗಳೆಲ್ಲ ಮತ್ತೆ ಬಳಕೆಗೆ ಬರುತ್ತವೆ. ಗಾಸ್‌ನಲ್ಲಿ ಎರಡರಿಂದ ಮೂರು ಬಿಂದುಗಳಿಗೆ ಹೋದರೆ ಹಳೆಯ ಒಂದು ಬೆಲೆಯೂ ಕೆಲಸಕ್ಕೆ ಬಾರದು. ಹಳೆಯ ಗಾಸ್ ಬಿಂದುಗಳನ್ನು ಉಳಿಸಿಕೊಂಡು ಹೊಸವನ್ನು ಸೇರಿಸುವ ದಾರಿಯನ್ನು 1960ರ ದಶಕದಲ್ಲಿ ರಷ್ಯಾದ ಕ್ರೋನ್‌ರಾಡ್ ಕಂಡುಹಿಡಿದ. ಇಂದಿನ ಅನೇಕ ಸಾಫ್ಟ್‌ವೇರ್‌ಗಳು ಬಳಸುವುದು ಅದನ್ನೇ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ನಿಖರತೆಯ ಘಾತ ಬಹುಪದೋಕ್ತಿಗಳ ಬಗ್ಗೆ ಕೊಟ್ಟ ಮಾತು. ಬಹುಪದೋಕ್ತಿಯಂತೆ ನಡೆದುಕೊಳ್ಳದ ಫಲನಕ್ಕೆ ಅದು ಅನ್ವಯಿಸುವುದಿಲ್ಲ. √x ಅನ್ನು 0ಯಿಂದ 1ರವರೆಗೆ ಅನುಕಲಿಸಿ ನೋಡಿ. ಉತ್ತರ 2/3. ಸಿಂಪ್ಸನ್ 0.6381 ಎನ್ನುತ್ತದೆ, ಎರಡು ಬಿಂದುಗಳ ಗಾಸ್ 0.6739, ಮೂರು ಬಿಂದುಗಳ ಗಾಸ್ 0.6692. 1/x ಮೇಲೆ ಎರಡರಿಂದ ಮೂರು ಬಿಂದುಗಳಿಗೆ ಹೋದಾಗ ದೋಷ 33 ಪಟ್ಟು ಇಳಿದಿತ್ತು. ಇಲ್ಲಿ ಇಳಿದದ್ದು ಮೂರು ಪಟ್ಟೂ ಅಲ್ಲ. ಸೊನ್ನೆಯ ಹತ್ತಿರ √x ನೆಟ್ಟಗೆ ಮೇಲೇಳುತ್ತದೆ, ಅಲ್ಲಿ ಡೆರಿವೇಟಿವ್‌ಗಳಿಗೆ ಮಿತಿಯೇ ಇಲ್ಲ, ಹಾಗಾಗಿ ದೋಷಸೂತ್ರದಲ್ಲಿ ಹಾಕಲು ಸಂಖ್ಯೆಯೇ ಸಿಗುವುದಿಲ್ಲ. ಸಿಂಪ್ಸನ್ ತುಂಡುಗಳನ್ನು ಇಮ್ಮಡಿ ಮಾಡುತ್ತಾ ಹೋದರೂ ದೋಷ ಪ್ರತಿ ಸಲ 16 ಪಟ್ಟು ಇಳಿಯುವ ಬದಲು 2.8 ಪಟ್ಟು ಮಾತ್ರ ಇಳಿಯುತ್ತದೆ. ಈ 2.8 ಕಂಡರೆ ತಪ್ಪಿರುವುದು ಪ್ರೋಗ್ರಾಂನಲ್ಲಲ್ಲ, ಫಲನದ ತುದಿಯಲ್ಲಿ ಎಂದು ತಿಳಿಯಬೇಕು.

ಆಗ ಬಿಂದುಗಳನ್ನು ಹೆಚ್ಚಿಸುತ್ತಾ ಕೂರುವುದಕ್ಕಿಂತ ಚರಾಕ್ಷರ ಬದಲಿಸುವುದು ಮೇಲು. x = u² ಎಂದು ಇಡಿ. √x ಹೋಗಿ u ಆಯಿತು, dx ಹೋಗಿ 2u du ಆಯಿತು. ಅನುಕಲಿಸಬೇಕಾದದ್ದು ಈಗ 2u², ಎರಡನೆಯ ಘಾತದ ಬಹುಪದೋಕ್ತಿ. ಎರಡೂ ಸೂತ್ರಗಳ ಘಾತ ಅದಕ್ಕಿಂತ ಮೇಲಿದೆ. ಗಾಸ್ ಕೂಡ ಬೇಡ, ಪರವಲಯದ ನಿಯಮವೇ ಸಾಕು:

```
(1/6) * (0 + 4*0.5 + 2) = 2/3
```